e ಎಂಬ ಸಂಖ್ಯೆಯ ಬಾಲ

ಸೈಂಟಿಫಿಕ್ ಕ್ಯಾಲ್ಕುಲೇಟರಿನಲ್ಲಿ e ಎಷ್ಟು ಎಂದು ಕೇಳಿ ನೋಡಿ. ಹತ್ತು ಅಂಕಿಗಳ ಪರದೆಯಾದರೆ ಮೂಡುವುದು 2.718281828. ಮೊದಲಿನ 2.7 ಪಕ್ಕಕ್ಕಿಟ್ಟರೆ ಉಳಿದದ್ದು 1828, ಮತ್ತೆ 1828. ಶಾಲೆಯಲ್ಲಿ ಆವರ್ತ ದಶಮಾಂಶದ ಲೆಕ್ಕ ಮಾಡಿದವರಿಗೆ ಇದನ್ನು ಕಂಡ ಕೂಡಲೇ ಕೈ ತುರಿಸುತ್ತದೆ. 1828 ಹೀಗೇ ಕೊನೆಯಿಲ್ಲದೆ ಮರುಕಳಿಸುತ್ತದೆ ಎಂದಿಟ್ಟುಕೊಂಡರೆ, ಆ ಹಳೆಯ ವಿಧಾನದಲ್ಲೇ ಅದನ್ನು ಭಿನ್ನರಾಶಿ ಮಾಡಬಹುದು: 27/10 + 1828/99990. ಕೂಡಿಸಿದರೆ 271801/99990. ಕ್ಯಾಲ್ಕುಲೇಟರಿನಲ್ಲಿ ಭಾಗಿಸಿ ನೋಡಿದರೆ ಒಂದಂಕಿಯೂ ಆಚೀಚೆಯಾಗದೆ ಅದೇ 2.718281828 ಬರುತ್ತದೆ.

ಹತ್ತಕ್ಕಿಂತ ಹೆಚ್ಚು ಅಂಕಿ ತೋರಿಸುವ ಯಂತ್ರವಿದ್ದರೆ ಬಣ್ಣ ಬಯಲಾಗುತ್ತದೆ. e ಮುಂದುವರಿಯುವುದು 2.718281828459045... ಎಂದು. 1828ರ ಮೂರನೇ ಸರದಿ ಬರಬೇಕಿದ್ದ ಜಾಗದಲ್ಲಿ 4590 ಕೂತಿದೆ. ಸರಿ, ಈ ಭಿನ್ನರಾಶಿ ಹೋಯಿತು. ಆದರೆ ಬೇರೆ ಯಾವುದೋ ಒಂದು ಇರಬಾರದೇಕೆ? ಭಿನ್ನರಾಶಿಯ ದಶಮಾಂಶ ರೂಪ ಕೊನೆಗೊಮ್ಮೆ ಮರುಕಳಿಸಲೇಬೇಕು ಎಂಬುದು ನಿಜ. ಆದರೆ ಎಷ್ಟು ದೂರ ಹೋದ ಮೇಲೆ ಎಂಬುದಕ್ಕೆ ಮಿತಿಯಿಲ್ಲ. ಛೇದ ದೊಡ್ಡದಾದಷ್ಟೂ ಆವರ್ತದ ಉದ್ದ ಬೆಳೆಯಬಹುದು. ಕಂಪ್ಯೂಟರುಗಳು e ಸಂಖ್ಯೆಯ ಲಕ್ಷ ಕೋಟಿಗೂ ಹೆಚ್ಚು ಅಂಕಿಗಳನ್ನು ಲೆಕ್ಕ ಹಾಕಿವೆ. ಅವುಗಳಲ್ಲಿ ಆವರ್ತ ಕಾಣಲಿಲ್ಲ ಎಂದರೆ ಅದಕ್ಕಿಂತ ಮುಂದೆಯೂ ಕಾಣುವುದಿಲ್ಲ ಎಂದರ್ಥವಲ್ಲ. ಅಂಕಿಗಳನ್ನು ನೋಡುತ್ತಾ ಕೂತರೆ ಈ ಪ್ರಶ್ನೆ ಎಂದೆಂದಿಗೂ ತೀರುವುದಿಲ್ಲ.

ಎರಡು ಪೂರ್ಣಾಂಕಗಳ ಭಿನ್ನರಾಶಿಯಾಗಿ ಬರೆಯಲಾಗುವ ಸಂಖ್ಯೆಗಳು ಭಾಗಲಬ್ಧ, ಆಗದವು ಅಭಾಗಲಬ್ಧ. e ಎರಡನೆಯ ಗುಂಪಿನದು. ಅದನ್ನು ಸಾಧಿಸಲು ದಶಮಾಂಶಗಳನ್ನು ಪೂರ್ತಿ ಮರೆತು, ಆ ಸಂಖ್ಯೆ ಹುಟ್ಟುವ ಇನ್ನೊಂದು ಬಗೆಯನ್ನು ಹಿಡಿಯಬೇಕು.

ಅದು ಹುಟ್ಟಿದ್ದು ಬಡ್ಡಿ ಲೆಕ್ಕದಲ್ಲಿ. ಒಂದು ರೂಪಾಯಿ ಅಸಲು, ವರ್ಷಕ್ಕೆ ನೂರಕ್ಕೆ ನೂರು ಬಡ್ಡಿ ಎನ್ನಿ. ವರ್ಷದ ಕೊನೆಗೊಮ್ಮೆ ಬಡ್ಡಿ ಕಟ್ಟಿದರೆ ಕೈಗೆ ಬರುವುದು 2 ರೂಪಾಯಿ. ಆರು ತಿಂಗಳಿಗೊಮ್ಮೆ ಬಡ್ಡಿಯನ್ನು ಅಸಲಿಗೆ ಸೇರಿಸುತ್ತಾ ಹೋದರೆ 2.25. ತಿಂಗಳಿಗೊಮ್ಮೆಯಾದರೆ ಸುಮಾರು 2.613, ದಿನಕ್ಕೊಮ್ಮೆಯಾದರೆ ಸುಮಾರು 2.7146. ಹೀಗೆ ಕಂತುಗಳನ್ನು ಹೆಚ್ಚಿಸಿದರೆ ಮೊತ್ತ ಎಲ್ಲಿಯವರೆಗೆ ಏರೀತು ಎಂದು 1683ರಲ್ಲಿ ಯೋಚಿಸಿದವನು ಸ್ವಿಟ್ಜರ್ಲೆಂಡಿನ ಯಾಕೊಬ್ ಬರ್ನೂಲಿ. ಮೊತ್ತ 2 ಮತ್ತು 3ರ ನಡುವೆಯೇ ಎಲ್ಲೋ ನಿಲ್ಲುತ್ತದೆ ಎಂಬುದನ್ನು ಅವನು ಕಂಡುಕೊಂಡ. ಅದಕ್ಕೆ e ಎಂಬ ಅಕ್ಷರ ಅಂಟಿಕೊಂಡದ್ದು ಲೆನರ್ಡ್ ಆಯ್ಲರನಿಂದ. 1731ರಲ್ಲಿ ಗೋಲ್ಡ್‌ಬಾಕ್‌ಗೆ ಬರೆದ ಪತ್ರದಲ್ಲಿ ಆತ ಅದನ್ನು ಬಳಸಿದ್ದಾನೆ.

ವರ್ಷವನ್ನು n ಕಂತು ಮಾಡಿದರೆ ಮೊತ್ತ (1 + 1/n)ⁿ. ಇದನ್ನು ಬಿಡಿಸಿ ಬರೆದರೆ ಮೊದಲ ಪದ 1, ಎರಡನೆಯದು 1, ಮೂರನೆಯದು ½(1 − 1/n). n ಬೆಳೆದಷ್ಟೂ 1/n ಕರಗುತ್ತದೆ, ಮೂರನೇ ಪದ ½ಕ್ಕೆ ಬಂದು ನಿಲ್ಲುತ್ತದೆ. ಅದೇ ರೀತಿ ನಾಲ್ಕನೆಯದು 1/6ಕ್ಕೆ, ಐದನೆಯದು 1/24ಕ್ಕೆ. ಕೊನೆಗೆ ನಮಗೆ ಸಿಗುವುದು ಈ ಸಾಲು:

e = 1 + 1/1! + 1/2! + 1/3! + 1/4! + ...

ಇಲ್ಲಿ 4! ಎಂದರೆ 4 ಫ್ಯಾಕ್ಟೋರಿಯಲ್, ಅಂದರೆ 1×2×3×4 = 24. 5! ಎಂದರೆ 120, 6! ಎಂದರೆ 720, 7! ಎಂದರೆ 5040. ಛೇದಗಳು ಇಷ್ಟು ಬೇಗ ಊದಿಕೊಳ್ಳುವುದರಿಂದ ಪದಗಳು ಅಷ್ಟೇ ಬೇಗ ಸಣ್ಣಗಾಗುತ್ತವೆ. 1/10!ವರೆಗೆ ಕೂಡಿದರೆ ಸಾಕು, ಉತ್ತರ ಏಳು ದಶಮಾಂಶಗಳವರೆಗೆ ಸರಿಯಾಗಿರುತ್ತದೆ. ಆದರೆ ಈ ಲೇಖನಕ್ಕೆ ಬೇಕಾದ ಗುಣ ಆ ವೇಗ ಒಂದೇ ಅಲ್ಲ. ಇನ್ನೊಂದಿದೆ, ಅದು ಸಪ್ಪೆಯಾಗಿ ಕಾಣುತ್ತದೆ: ಈ ಛೇದಗಳಲ್ಲಿ ಪ್ರತಿಯೊಂದೂ ತನ್ನ ಹಿಂದಿನ ಎಲ್ಲ ಛೇದಗಳಿಂದಲೂ ನಿಶ್ಶೇಷವಾಗಿ ಭಾಗವಾಗುತ್ತದೆ. 5040ನ್ನು 720 ಭಾಗಿಸುತ್ತದೆ, 120 ಭಾಗಿಸುತ್ತದೆ, 24, 6, 2 ಎಲ್ಲವೂ ಭಾಗಿಸುತ್ತವೆ.

ಒಂದು ನಿರ್ದಿಷ್ಟ ಭಿನ್ನರಾಶಿಯನ್ನು ಹಿಡಿದು ಇದನ್ನು ಪರೀಕ್ಷಿಸೋಣ. 19/7 ಎಂದರೆ 2.714285..., ಏಳರಷ್ಟು ಚಿಕ್ಕ ಛೇದಕ್ಕೆ e ಹತ್ತಿರ ಬರುವ ಒಳ್ಳೆಯ ಪ್ರಯತ್ನ. e ಎಂಬುದು 19/7 ಆಗಿರಲು ಸಾಧ್ಯವೇ? ದಶಮಾಂಶ ನೋಡಿ ಇಲ್ಲವೆಂದು ಹೇಳಿಬಿಡಬಹುದು, ಆದರೆ ಏಳು ಛೇದವಾಗಿರುವ ಯಾವ ಭಿನ್ನರಾಶಿಯೂ ಆಗದು ಎಂಬುದನ್ನು ಒಂದೇ ಏಟಿಗೆ ತೋರಿಸುವ ದಾರಿ ನಮಗೆ ಬೇಕು.

ಎರಡೂ ಕಡೆ 7!ರಿಂದ, ಅಂದರೆ 5040ರಿಂದ ಗುಣಿಸಿ. 5040 × 19/7 = 13680, ಪೂರ್ಣಾಂಕ. 19ರ ಬದಲು ಬೇರೆ ಯಾವ ಅಂಶವಿದ್ದರೂ ಪೂರ್ಣಾಂಕವೇ ಬರುತ್ತದೆ, ಏಕೆಂದರೆ 5040ರೊಳಗೆ 7 ಇದೆ. ಈಗ ಸಾಲಿನ ಕಡೆ ಗುಣಿಸೋಣ. 1/7!ವರೆಗಿನ ಪದಗಳು ಹೀಗಾಗುತ್ತವೆ:

5040 + 5040 + 2520 + 840 + 210 + 42 + 7 + 1 = 13700

ಒಂದೂ ಭಿನ್ನರಾಶಿ ಉಳಿಯಲಿಲ್ಲ. ಇನ್ನು 1/8!ರಿಂದ ಮುಂದಿನ ಪದಗಳು. ಅವೂ 5040ರಿಂದ ಗುಣಿಸಿಕೊಳ್ಳಬೇಕಲ್ಲ. 5040/8! ಎಂದರೆ 1/8. 5040/9! ಎಂದರೆ 1/(8×9), ಅಂದರೆ 1/72. ಅದರ ಮುಂದಿನದು 1/720, ನಂತರ 1/7920, ಹೀಗೆ. ಇದನ್ನು ಬಾಲ ಎನ್ನೋಣ. ಬಾಲದ ಒಟ್ಟು ಮೊತ್ತ 0.1404... ಆದ್ದರಿಂದ 5040 × e = 13700.1404... ಇದು 13700ಕ್ಕಿಂತ ತುಸು ಹೆಚ್ಚು, 13701ಕ್ಕಿಂತ ಬಹಳ ಕಡಿಮೆ. ಪೂರ್ಣಾಂಕ ಅಲ್ಲವೇ ಅಲ್ಲ. e ಏಳನೆಯ ಛೇದದ ಭಿನ್ನರಾಶಿಯಾಗಿದ್ದರೆ ಇದು ಪೂರ್ಣಾಂಕ ಆಗಲೇಬೇಕಿತ್ತು. ಆದ್ದರಿಂದ ಏಳು ಛೇದವಾಗಿರುವ ಭಿನ್ನರಾಶಿಗಳೆಲ್ಲ ಒಟ್ಟಿಗೇ ಹೊರಬಿದ್ದವು.

ಇದನ್ನು ಅಳತೆಪಟ್ಟಿಯಂತೆ ಕಲ್ಪಿಸಿಕೊಳ್ಳುವುದು ನನಗೆ ಹೆಚ್ಚು ಹಿಡಿಸುತ್ತದೆ. ಸಂಖ್ಯಾರೇಖೆಯ ಮೇಲೆ ಪ್ರತಿ 1/5040ಕ್ಕೊಂದು ಗೆರೆ ಎಳೆಯಿರಿ. ಛೇದ 1, 2, 3, 4, 5, 6, 7 ಇರುವ ಭಿನ್ನರಾಶಿಗಳೆಲ್ಲ ಯಾವುದಾದರೊಂದು ಗೆರೆಯ ಮೇಲೇ ಕೂರುತ್ತವೆ; 19/7 ಕೂರುವುದು 13680ನೇ ಗೆರೆಯ ಮೇಲೆ. e ಮಾತ್ರ 13700ನೇ ಗೆರೆಯನ್ನು ದಾಟಿ, ಮುಂದಿನ ಗೆರೆ ಮುಟ್ಟದೆ, ನಡುವಿನ ಖಾಲಿ ಜಾಗದಲ್ಲಿದೆ. ಗೆರೆಗಳನ್ನು ಇನ್ನೂ ಒತ್ತೊತ್ತಾಗಿ, 1/8!ಕ್ಕೊಂದರಂತೆ ಎಳೆದರೆ? ಆಗ e 109601ನೇ ಗೆರೆ ದಾಟಿ ನಿಲ್ಲುತ್ತದೆ. 1/9!ಕ್ಕೊಂದರಂತೆ ಎಳೆದರೆ 986410ನೇ ಗೆರೆ ದಾಟಿ. ಈ ಅಂಕಿಗಳನ್ನು ಹುಡುಕುವುದೂ ಸುಲಭ: ಹಿಂದಿನದನ್ನು ಮುಂದಿನ ಸಂಖ್ಯೆಯಿಂದ ಗುಣಿಸಿ 1 ಕೂಡಿದರಾಯಿತು. 13700 × 8 + 1 = 109601. ಹಾಗೆಯೇ 109601 × 9 + 1 = 986410. ಗೆರೆಗಳು ಎಷ್ಟು ಒತ್ತೊತ್ತಾದರೂ e ಗೆರೆಯ ಮೇಲೆ ಬೀಳುವುದಿಲ್ಲ, ಪ್ರತಿ ಸಲವೂ ಎಡಗಡೆಯ ಗೆರೆಯ ಪಕ್ಕದಲ್ಲೇ, ಅದನ್ನು ಮುಟ್ಟದೆ ಇರುತ್ತದೆ.

ಪ್ರತಿ ಸಲವೂ ಎಂದು ಬರೆದೆನಲ್ಲ, ಸಾಧನೆಯ ಭಾರವೆಲ್ಲ ಆ ಮಾತಿನ ಮೇಲೆಯೇ ಇದೆ. ಏಳಕ್ಕೆ ಬಾಲದ ಮೊತ್ತವನ್ನು ಕೂಡಿ ನೋಡಿದೆವು, 0.1404 ಎಂದು ಬಂತು. ಎಲ್ಲ ಛೇದಗಳಿಗೂ ಹೀಗೆ ಕೂಡುತ್ತಾ ಕೂರಲಾಗದು. ಬಾಲದ ನಿಖರ ಬೆಲೆ ನಮಗೆ ಬೇಕಾಗಿಯೂ ಇಲ್ಲ. ಅದು 0ಗಿಂತ ಹೆಚ್ಚು ಮತ್ತು 1ಕ್ಕಿಂತ ಕಡಿಮೆ ಎಂದಷ್ಟೇ ಗೊತ್ತಾದರೆ ಕೆಲಸ ಮುಗಿಯಿತು.

ಮೊದಲನೆಯದಕ್ಕೆ ಶ್ರಮವಿಲ್ಲ: ಬಾಲದ ಪದಗಳೆಲ್ಲ ಧನ, ಮೊತ್ತವೂ ಧನ. ಎರಡನೆಯದಕ್ಕೆ ಒಂದು ಮೇಲ್ಮಿತಿ ಬೇಕು. ಛೇದ q ಎನ್ನೋಣ. q!ರಿಂದ ಗುಣಿಸಿದ ಮೇಲೆ ಬಾಲ ಹೀಗಿರುತ್ತದೆ:

1/(q+1) + 1/((q+1)(q+2)) + 1/((q+1)(q+2)(q+3)) + ...

ಇದನ್ನು ನೇರವಾಗಿ ಕೂಡುವ ಸೂತ್ರ ಕೈಯಲ್ಲಿಲ್ಲ. ಆದರೆ ಕೂಡಲು ಬರುವ, ಇದಕ್ಕಿಂತ ತುಸು ದೊಡ್ಡದಾದ ಸಾಲೊಂದನ್ನು ಪಕ್ಕದಲ್ಲಿಡಬಹುದು. ಎರಡನೇ ಪದದ ಛೇದದಲ್ಲಿ q+2 ಇದೆ. ಅದರ ಬದಲು q+1 ಹಾಕಿದರೆ ಛೇದ ಸಣ್ಣದಾಗಿ ಪದ ದೊಡ್ಡದಾಗುತ್ತದೆ. ಮೂರನೆಯದರಲ್ಲಿ q+2, q+3 ಎರಡರ ಬದಲೂ q+1 ಹಾಕಿ. ಎಲ್ಲ ಪದಗಳಿಗೂ ಹೀಗೇ ಮಾಡಿದರೆ ಸಿಗುವುದು

1/(q+1) + 1/(q+1)² + 1/(q+1)³ + ...

ಇದು ಹತ್ತನೇ ತರಗತಿ ದಾಟಿದವರಿಗೆಲ್ಲ ಗೊತ್ತಿರುವ ಗುಣೋತ್ತರ ಶ್ರೇಢಿ. ಅದರ ಅನಂತ ಮೊತ್ತ ನಿಖರವಾಗಿ 1/q. ನಮ್ಮ ಬಾಲ ಇದಕ್ಕಿಂತ ಕಡಿಮೆ, ಏಕೆಂದರೆ ಎರಡನೇ ಪದದಿಂದ ಮುಂದೆ ಪ್ರತಿ ಪದವೂ ಕಡಿಮೆ. ಏಳರ ಲೆಕ್ಕದಲ್ಲಿ ಇದನ್ನು ತಾಳೆ ನೋಡಿ: 1/7 ಎಂದರೆ 0.1428..., ಬಾಲ 0.1404... ಮಿತಿ ಎಷ್ಟು ಬಿಗಿಯಾಗಿದೆ ನೋಡಿ, ಇಷ್ಟು ಬಿಗಿ ಬೇಕಾಗಿಯೇ ಇರಲಿಲ್ಲ.

ಈಗ ಪೂರ್ತಿ ವಾದವನ್ನು ಒಟ್ಟಿಗೆ ಹೇಳಬಹುದು. e ಭಾಗಲಬ್ಧ, ಅಂದರೆ e = p/q ಎಂದು ಒಂದು ಕ್ಷಣ ಒಪ್ಪಿಕೊಳ್ಳಿ. q!ರಿಂದ ಗುಣಿಸಿ. q! × p/q ಪೂರ್ಣಾಂಕ. ಸಾಲಿನಲ್ಲಿ 1/q!ವರೆಗಿನ ಪದಗಳೂ ಗುಣಿಸಿದ ಮೇಲೆ ಪೂರ್ಣಾಂಕಗಳು, ಅವುಗಳ ಮೊತ್ತವೂ ಪೂರ್ಣಾಂಕ. ಒಂದು ಪೂರ್ಣಾಂಕದಿಂದ ಇನ್ನೊಂದನ್ನು ಕಳೆದರೆ ಉಳಿಯುವುದು ಬಾಲ. ಆದ್ದರಿಂದ ಬಾಲವೂ ಪೂರ್ಣಾಂಕವಾಗಿರಬೇಕು. ಆದರೆ ಅದು 0ಗಿಂತ ಹೆಚ್ಚು, 1/qಗಿಂತ ಕಡಿಮೆ. 0 ಮತ್ತು 1ರ ನಡುವೆ ಪೂರ್ಣಾಂಕವೇ ಇಲ್ಲ. ಒಪ್ಪಿಕೊಂಡದ್ದೇ ತಪ್ಪು, e ಅಭಾಗಲಬ್ಧ.

√2ರ ಸಾಧನೆಯನ್ನು ಓದಿದವರು ಇಲ್ಲೊಂದು ವ್ಯತ್ಯಾಸ ಗಮನಿಸಿರಬಹುದು. ಅಲ್ಲಿ p/q ಸಂಕ್ಷಿಪ್ತ ರೂಪದಲ್ಲಿರಬೇಕು, ಇಬ್ಬರಿಗೂ ಸಾಮಾನ್ಯ ಅಪವರ್ತನ ಇರಬಾರದು ಎಂದು ಮೊದಲೇ ಷರತ್ತು ಹಾಕುತ್ತಾರೆ; ವಾದ ನಿಂತಿರುವುದೇ ಅದರ ಮೇಲೆ. ಇಲ್ಲಿ ಅದರ ಗೊಡವೆಯೇ ಇಲ್ಲ. 19/7 ಎಂದು ಬರೆದರೂ 38/14 ಎಂದು ಬರೆದರೂ ವಾದ ಓಡುತ್ತದೆ. q = 1 ಆದಾಗ ಎಡವಟ್ಟಾಗುತ್ತದೇನೋ ಎಂಬ ಅನುಮಾನ ಸಹಜ, ಆಗ ಮಿತಿ 1/q ಎಂಬುದು 1ಕ್ಕೇ ಬಂದು ನಿಲ್ಲುತ್ತದಲ್ಲ. ಆದರೆ ಬಾಲ ಮಿತಿಗಿಂತ ಕಡಿಮೆಯೇ ಹೊರತು ಅದಕ್ಕೆ ಸಮವಲ್ಲ. 1 + 1 ಕೂಡಿ 2, ಬಾಲ 1ಕ್ಕಿಂತ ಕಡಿಮೆ: e ಇರುವುದು 2 ಮತ್ತು 3ರ ನಡುವೆ. ಬರ್ನೂಲಿ ಬಡ್ಡಿ ಲೆಕ್ಕದಲ್ಲಿ ಕಂಡುಕೊಂಡದ್ದೂ ಇದನ್ನೇ.

e ಅಭಾಗಲಬ್ಧ ಎಂದು ಮೊದಲು ಸಾಧಿಸಿದವನು ಆಯ್ಲರ್, 1737ರಲ್ಲಿ. ಅವನ ದಾರಿ ಬೇರೆ. e ಸಂಖ್ಯೆಯನ್ನು ಸತತ ಭಿನ್ನರಾಶಿಯಾಗಿ, ಅಂದರೆ ಭಿನ್ನರಾಶಿಯ ಛೇದದೊಳಗೆ ಭಿನ್ನರಾಶಿ, ಅದರ ಛೇದದೊಳಗೆ ಮತ್ತೊಂದು ಎಂದು ಮುಗಿಯದ ಮೆಟ್ಟಿಲಾಗಿ ಬರೆದು, ಅದು ಕೊನೆಗೊಳ್ಳುವುದಿಲ್ಲ ಎಂದು ತೋರಿಸಿದ. ಮೇಲೆ ವಿವರಿಸಿದ ಬಾಲದ ವಾದ ಜೋಸೆಫ್ ಫೂರಿಯೇಯದು. ಶಾಖ ಹರಿಯುವ ಬಗೆಯನ್ನು ಅಲೆಗಳ ಮೊತ್ತವಾಗಿ ಬಿಡಿಸಿದ ಅದೇ ಫೂರಿಯೇ. ಈ ವಾದ ಅವನ ಹೆಸರಿನಲ್ಲಿ ಅಚ್ಚಾದದ್ದು ಸ್ಟೆನ್‌ವಿಲ್ ಎಂಬ ಫ್ರೆಂಚ್ ಗಣಿತಜ್ಞನ 1815ರ ಪುಸ್ತಕದಲ್ಲಿ. ಆಯ್ಲರನ ಸಾಧನೆಯನ್ನು ತಿಳಿಯಲು ಸತತ ಭಿನ್ನರಾಶಿಗಳ ಅಭ್ಯಾಸ ಬೇಕು. ಇದಕ್ಕೆ ಗುಣೋತ್ತರ ಶ್ರೇಢಿ ಸಾಕು. ಹೀಗಾಗಿ ಪಠ್ಯಪುಸ್ತಕಗಳಲ್ಲಿ ಉಳಿದುಕೊಂಡದ್ದು ಇದು.

ಇಷ್ಟು ಸಲೀಸಾದ ವಾದವನ್ನು ಕಂಡಾಗ ಇದು ಎಲ್ಲದಕ್ಕೂ ನಡೆಯುತ್ತದೆ ಎಂದು ಅನ್ನಿಸಿಬಿಡುವುದುಂಟು. ಮುಗಿಯದ ಸಾಲು ತಾನೇ, ಅದರ ಮೊತ್ತ ಅಭಾಗಲಬ್ಧವಾಗಿಯೇ ಇರಬೇಕು ಎಂಬ ಮಾತನ್ನು ವಿದ್ಯಾರ್ಥಿಗಳ ಬಾಯಲ್ಲಿ ಕೇಳುತ್ತೇವೆ. 1/2 + 1/4 + 1/8 + ... ಎಂಬುದು ಮುಗಿಯದ ಸಾಲೇ, ಅದರ ಮೊತ್ತ 1. ಹಾಗಾದರೆ ಫ್ಯಾಕ್ಟೋರಿಯಲ್ ಛೇದಗಳಿದ್ದರೆ ಸಾಕೇ? ಅದೂ ಸಾಲದು. ಈ ಸಾಲು ನೋಡಿ:

1/2! + 2/3! + 3/4! + 4/5! + ...

ಛೇದಗಳು e ಸಾಲಿನವೇ. ಅಂಶಗಳು ಮಾತ್ರ 1, 2, 3 ಎಂದು ಬೆಳೆಯುತ್ತವೆ. ಇದರ ಮೊತ್ತ 1, ಒಂದು ಕೂದಲೆಳೆಯೂ ಹೆಚ್ಚು ಕಡಿಮೆಯಿಲ್ಲ. ಕಾರಣ, 2/3! ಎಂದರೆ 1/2! − 1/3!; 3/4! ಎಂದರೆ 1/3! − 1/4!; ಒಂದರ ಕೊನೆ ಇನ್ನೊಂದರ ಮೊದಲನ್ನು ನುಂಗುತ್ತಾ ಹೋಗುತ್ತದೆ. ಫೂರಿಯೇಯ ವಾದವನ್ನು ಇದರ ಮೇಲೆ ಓಡಿಸಿದರೆ ಎಲ್ಲಿ ಮುಗ್ಗರಿಸುತ್ತದೆ? q!ರಿಂದ ಗುಣಿಸಿದಾಗ ಮೊದಲ ಪದಗಳು ಇಲ್ಲಿಯೂ ಪೂರ್ಣಾಂಕಗಳೇ. ಬಾಲ ಶುರುವಾಗುವುದು q/(q+1)!ರಿಂದ. ಮೇಲೆ ಹೇಳಿದ ರದ್ದಾಗುವಿಕೆಯಿಂದ ಬಾಲದ ಮೊತ್ತ 1/q!, ಅದನ್ನು q!ರಿಂದ ಗುಣಿಸಿದರೆ 1. ನಿಖರವಾಗಿ ಒಂದು, ಯಾವ q ತೆಗೆದುಕೊಂಡರೂ. ಬಾಲ ಒಂದಕ್ಕಿಂತ ಒಂದಿಷ್ಟೂ ಕೆಳಗಿಳಿಯದೆ ಮುಂದಿನ ಗೆರೆಯ ಮೇಲೇ ಹೋಗಿ ಕೂರುತ್ತದೆ. ಮೇಲ್ಮಿತಿಯ ಆ ಒಂದು ಸಾಲನ್ನು, ಪದಗಳು ಬೇಗ ಸಣ್ಣಗಾಗುತ್ತವಲ್ಲ ಎಂದು ಹಾರಿಸಿಕೊಂಡು ಹೋಗುವವರಿಗೆ ನಾನು ತೋರಿಸುವ ಉದಾಹರಣೆ ಇದು. ಇಲ್ಲಿಯೂ ಪದಗಳು ಬೇಗನೇ ಸಣ್ಣಗಾಗುತ್ತವೆ, ಆದರೂ ವಾದ ಬಿದ್ದುಹೋಗುತ್ತದೆ.

ಇನ್ನೊಂದು ಬಗೆಯ ಸೋಲೂ ಇದೆ. ಕೇರಳದ ಮಾಧವನ ಹೆಸರಿನಲ್ಲಿರುವ, ಯುರೋಪಿನಲ್ಲಿ ಲೈಬ್ನಿಟ್ಸ್ ಹೆಸರಿನಿಂದ ಪ್ರಸಿದ್ಧವಾದ ಸಾಲು ಇದು: π/4 = 1 − 1/3 + 1/5 − 1/7 + ... ಇದರಿಂದ π ಅಭಾಗಲಬ್ಧ ಎಂದು ಇದೇ ಉಪಾಯದಲ್ಲಿ ತೋರಿಸಬಾರದೇಕೆ? ಹತ್ತು ಪದಗಳವರೆಗೆ ಹೋಗೋಣ. ಕೊನೆಯ ಛೇದ 19. ಎಲ್ಲ ಛೇದಗಳನ್ನೂ ಕಳೆಯಲು 1ರಿಂದ 19ರವರೆಗಿನ ಬೆಸಸಂಖ್ಯೆಗಳ ಲ.ಸಾ.ಅ.ದಿಂದ ಗುಣಿಸಬೇಕು, ಅದು 1,45,49,535. ಹತ್ತು ಪದ ಕೂಡಿದ ಮೇಲೆ ಉಳಿಯುವ ಬಾಲವೋ ಸುಮಾರು 0.025. ಎರಡನ್ನೂ ಗುಣಿಸಿದರೆ ಮೂರೂವರೆ ಲಕ್ಷಕ್ಕೂ ಹೆಚ್ಚು. 0 ಮತ್ತು 1ರ ನಡುವೆ ಹಿಡಿಯಬೇಕಾದ ಬಾಲ ಲಕ್ಷಗಳಲ್ಲಿ ಓಡಾಡುತ್ತಿದೆ, ಅದು ಪೂರ್ಣಾಂಕವೋ ಅಲ್ಲವೋ ಹೇಳುವುದು ಹೇಗೆ? ಮುಂದೆ ಹೋದಷ್ಟೂ ಪರಿಸ್ಥಿತಿ ಕೆಡುತ್ತದೆ: ಲ.ಸಾ.ಅ. ಘಾತವಾಗಿ ಉಬ್ಬುತ್ತದೆ, ಬಾಲ ತೆವಳುತ್ತಾ ಸಣ್ಣದಾಗುತ್ತದೆ. ಅದೇ ಹತ್ತನೇ ಹಂತದಲ್ಲಿ e ಹೇಗಿದೆ ನೋಡಿ. ಗುಣಿಸುವ ಸಂಖ್ಯೆ 10!, ಅಂದರೆ 36,28,800. ಗುಣಿಸಿದ ಮೇಲೂ ಬಾಲ 0.0991ರಷ್ಟೇ. ಛೇದಗಳನ್ನು ಕಳೆಯಲು ಕೊಡಬೇಕಾದ ಬೆಲೆಗಿಂತ ವೇಗವಾಗಿ ಬಾಲ ಕುಗ್ಗಬೇಕು. E ಸಾಲಿನಲ್ಲಿ ಮುಂದಿನ ಪದ ಹಿಂದಿನ ಛೇದಕ್ಕೆ ಒಂದು ಹೊಸ, ದೊಡ್ಡ ಅಪವರ್ತನವನ್ನು ಸೇರಿಸಿಕೊಂಡೇ ಬರುವುದರಿಂದ ಅದು ತಾನಾಗಿಯೇ ಆಗುತ್ತದೆ. π ಅಭಾಗಲಬ್ಧ ಎಂಬುದು ನಿಜವೇ. ಆದರೆ ಅದನ್ನು 1760ರ ದಶಕದಲ್ಲಿ ಸಾಧಿಸಿದ ಲ್ಯಾಂಬರ್ಟ್ ಈ ಸಾಲನ್ನು ಬಿಟ್ಟು ಸತತ ಭಿನ್ನರಾಶಿಗಳ ಮೊರೆ ಹೋಗಬೇಕಾಯಿತು.

ಆರಂಭದಲ್ಲಿ ಕಂಡ 271801/99990ರ ಕತೆಯನ್ನು ಈಗ ಮುಗಿಸಿಬಿಡಬಹುದು. ವಾದದ ಪ್ರಕಾರ 99990 ಫ್ಯಾಕ್ಟೋರಿಯಲ್‌ನಿಂದ ಗುಣಿಸಬೇಕು ಎಂದರೆ ಯಾರಿಗಾದರೂ ಗಾಬರಿಯಾದೀತು, ಆ ಸಂಖ್ಯೆಗೆ ನಾಲ್ಕು ಲಕ್ಷಕ್ಕೂ ಹೆಚ್ಚು ಅಂಕಿಗಳಿವೆ. ಅಷ್ಟು ದೂರ ಹೋಗಬೇಕಿಲ್ಲ. ಛೇದವನ್ನು ನಿಶ್ಶೇಷವಾಗಿ ಭಾಗಿಸಿಕೊಳ್ಳುವ ಯಾವ ಫ್ಯಾಕ್ಟೋರಿಯಲ್ ಆದರೂ ಸಾಕು. 99990 = 2 × 3 × 3 × 5 × 11 × 101. ಇವೆಲ್ಲ 101!ರೊಳಗೇ ಇವೆ. 1/101!ಕ್ಕೊಂದರಂತೆ ಗೆರೆ ಎಳೆದರೆ ಈ ಭಿನ್ನರಾಶಿ ಗೆರೆಯೊಂದರ ಮೇಲೆ ಕೂರುತ್ತದೆ, e ಗೆರೆಯಿಂದಾಚೆ, ಗೆರೆಗಳ ಅಂತರದ 1/101ಕ್ಕಿಂತ ಕಡಿಮೆ ದೂರದಲ್ಲಿ ನಿಲ್ಲುತ್ತದೆ. ಎರಡೂ ಒಂದೇ ಆಗಲಾರವು. ಒಂಬತ್ತು ದಶಮಾಂಶದವರೆಗೆ ಹೊಂದಿಕೆಯಾದದ್ದು ಕಾಕತಾಳೀಯ.

ಇದೇ ಬಾಲ ಇನ್ನೂ ಒಂದು ಹೆಜ್ಜೆ ಮುಂದೆ ಎಳೆಯುತ್ತದೆ. √2 ಅಭಾಗಲಬ್ಧವಾದರೂ x² = 2 ಎಂಬ ಸರಳ ವರ್ಗ ಸಮೀಕರಣಕ್ಕೆ ಪರಿಹಾರ. e ಅಂಥದ್ದಾದರೂ ಆದೀತೇ? ಪೂರ್ಣಾಂಕ ಸಹಗುಣಕಗಳ ಯಾವ ವರ್ಗ ಸಮೀಕರಣಕ್ಕೂ e ಪರಿಹಾರವಲ್ಲ ಎಂದು 1840ರಲ್ಲಿ ಜೋಸೆಫ್ ಲಿಯೂವಿಲ್ ತೋರಿಸಿದ. ಅಂಥ ಸಮೀಕರಣವಿದ್ದರೆ ಅದನ್ನು e ಯಿಂದ ಭಾಗಿಸಿ Ae + B/e = C ಎಂದು ಬರೆಯಬಹುದು, A, B, C ಪೂರ್ಣಾಂಕಗಳು, A ಧನ. 1/eಗೂ ಫ್ಯಾಕ್ಟೋರಿಯಲ್ ಸಾಲಿದೆ: 1 − 1/1! + 1/2! − 1/3! + ... ಚಿಹ್ನೆಗಳು ಒಂದು ಬಿಟ್ಟು ಒಂದು ಬದಲಾಗುತ್ತವೆ, ಅಷ್ಟೇ. n!ರಿಂದ ಗುಣಿಸಿದರೆ ಮತ್ತೆ ಎರಡು ಸಾಲುಗಳ ಬಾಲಗಳು ಮಾತ್ರ ಉಳಿಯುತ್ತವೆ. ಅಪಾಯವಿರುವುದು ಒಂದೇ ಕಡೆ: ಒಂದು ಬಾಲ ಧನ, ಇನ್ನೊಂದು ಋಣವಾಗಿ ಎರಡೂ ಹೊಡೆದುಕೊಂಡು ಶೂನ್ಯವಾದರೆ ವಾದಕ್ಕೆ ಹಿಡಿತ ಸಿಗುವುದಿಲ್ಲ. ಆದರೆ ಎರಡನೇ ಬಾಲದ ಚಿಹ್ನೆ n ಸಮವೋ ಬೆಸವೋ ಎಂಬುದರ ಮೇಲೆ ನಿಂತಿದೆ. ಎರಡೂ ಒಂದೇ ಕಡೆ ವಾಲುವಂಥ n ಆರಿಸಿಕೊಂಡು, ಅದನ್ನು ಸಾಕಷ್ಟು ದೊಡ್ಡದು ಮಾಡಿದರೆ, ಮೊತ್ತ 0ಗಿಂತ ಹೆಚ್ಚು, 1ಕ್ಕಿಂತ ಕಡಿಮೆ. ಪೂರ್ಣಾಂಕವಾಗಬೇಕಾದದ್ದು ಮತ್ತೆ ಅದೇ ಖಾಲಿ ಜಾಗದಲ್ಲಿ ಸಿಕ್ಕಿಬೀಳುತ್ತದೆ.

ವರ್ಗ ದಾಟಿ ಘನ, ನಾಲ್ಕನೇ ಘಾತ ಎಂದು ಹೋದರೆ ಇಷ್ಟು ಸಲಕರಣೆ ಸಾಲುವುದಿಲ್ಲ. E², e³ಗಳ ಸಾಲುಗಳಲ್ಲಿ ಅಂಶದಲ್ಲೂ 2, 3ರ ಘಾತಗಳು ಸೇರಿಕೊಂಡು ಬಾಲವನ್ನು ಉಬ್ಬಿಸುತ್ತವೆ. ಯಾವ ಘಾತದ ಸಮೀಕರಣಕ್ಕೂ e ಸಿಗದು ಎಂಬುದನ್ನು ಸಾಧಿಸಲು 1873ರಲ್ಲಿ ಶಾರ್ಲ್ ಹರ್ಮೀಟ್ ಸಾಲನ್ನು ಬದಿಗಿಟ್ಟು ಅನುಕಲನಗಳನ್ನು ಕೈಗೆತ್ತಿಕೊಂಡ. ಅಲ್ಲಿಯೂ ಕೊನೆಯ ಏಟು ಇದೇ, ಶೂನ್ಯವಲ್ಲದ ಪೂರ್ಣಾಂಕವೊಂದು ಒಂದಕ್ಕಿಂತ ಸಣ್ಣದು ಎಂಬ ವೈರುಧ್ಯ.

ಲಿಯೂವಿಲ್‌ನ ಫಲಿತಾಂಶದಿಂದ ಇನ್ನೊಂದು ವಿಷಯ ಪುಕ್ಕಟೆಯಾಗಿ ಸಿಗುತ್ತದೆ. e + π ಭಾಗಲಬ್ಧವೇ? n!ರಿಂದ ಗುಣಿಸಿದರೆ e ಭಾಗದ ಬಾಲ ಹೇಳಿದಂತೆ ಕೇಳುತ್ತದೆ, π ಭಾಗ ಕೇಳುವುದಿಲ್ಲ. ಹೀಗಾಗಿ ನೇರವಾಗಿ ಏನೂ ಹೊಳೆಯದು. ಆದರೆ e, π ಎರಡನ್ನೂ ಮೂಲಗಳಾಗಿ ಉಳ್ಳ ವರ್ಗ ಸಮೀಕರಣ ಬರೆಯಿರಿ: x² − (e + π)x + eπ = 0. e + π ಮತ್ತು e × π ಎರಡೂ ಭಾಗಲಬ್ಧವಾಗಿದ್ದರೆ, ಛೇದಗಳನ್ನು ಕಳೆದಾಗ ಇದು ಪೂರ್ಣಾಂಕ ಸಹಗುಣಕಗಳ ವರ್ಗ ಸಮೀಕರಣವಾಗುತ್ತದೆ, e ಅದಕ್ಕೆ ಪರಿಹಾರವಾಗಿಬಿಡುತ್ತದೆ. ಲಿಯೂವಿಲ್ ಅದಕ್ಕೆ ಅಡ್ಡ ನಿಂತಿದ್ದಾನೆ. ಆದ್ದರಿಂದ e + π, e × π ಇವೆರಡರಲ್ಲಿ ಕನಿಷ್ಠ ಒಂದಾದರೂ ಅಭಾಗಲಬ್ಧ. ಅದು ಇದೇ ಎಂದು ಬೆರಳಿಟ್ಟು ತೋರಿಸಲು ಇಂದಿಗೂ ಯಾರಿಗೂ ಆಗಿಲ್ಲ.